ಇಂಟಿಗ್ರಲ್ ಬಿಡಿಸದೇ ಅದರ ಬೆಲೆ ಯಾವ ಎರಡು ನಂಬರ್ ಮಧ್ಯೆ ಇದೆ ಅಂತ ಸಾಧಿಸೋದು ಹೇಗೆ

ಪಿಯುಸಿ ಮುಗಿಸಿ ಎಂಟ್ರೆನ್ಸ್‌ಗೆ ಓದೋರಿಗೂ, ಡಿಗ್ರಿ ಫಸ್ಟ್ ಇಯರ್ ಕ್ಯಾಲ್ಕುಲಸ್ ಮಾಡೋರಿಗೂ ಒಂದು ಥರದ ಲೆಕ್ಕ ಬಂದೇ ಬರತ್ತೆ. "ಈ ಇಂಟಿಗ್ರಲ್‌ನ ಬೆಲೆ ಇಷ್ಟಕ್ಕೂ ಇಷ್ಟಕ್ಕೂ ನಡುವೆ ಇದೆ ಅಂತ ಸಾಧಿಸಿ" ಅನ್ನೋದು. ಬಹಳ ಜನ ತಕ್ಷಣ ಸಬ್‌ಸ್ಟಿಟ್ಯೂಷನ್ ಹುಡುಕೋಕೆ ಹೋಗ್ತಾರೆ, ಬೈ ಪಾರ್ಟ್ಸ್ ಹಾಕ್ತಾರೆ, ಎರಡು ಪೇಜ್ ತುಂಬತ್ತೆ, ಉತ್ತರ ಬರಲ್ಲ. ಬರೋದೂ ಇಲ್ಲ, ಯಾಕಂದ್ರೆ ಇಂಥ ಲೆಕ್ಕದಲ್ಲಿ ಹೆಚ್ಚಾಗಿ ಕೊಡೋದೇ ನಮಗೆ ಗೊತ್ತಿರೋ ಫಾರ್ಮುಲಾಗಳಲ್ಲಿ ಬಿಡಿಸೋಕಾಗದ ಇಂಟಿಗ್ರಲ್. ಇಲ್ಲಿ ಮಾಡಬೇಕಾಗಿರೋದು ಬೇರೆ ಕೆಲಸ: ಒಳಗಿರೋ ಫಂಕ್ಷನ್‌ಗಿಂತ ಯಾವಾಗಲೂ ಚಿಕ್ಕದಾಗಿರೋ ಒಂದು ಫಂಕ್ಷನ್, ಯಾವಾಗಲೂ ದೊಡ್ಡದಾಗಿರೋ ಇನ್ನೊಂದು ಫಂಕ್ಷನ್ ಹುಡುಕಬೇಕು, ಆ ಎರಡನ್ನೂ ಸುಲಭವಾಗಿ ಇಂಟಿಗ್ರೇಟ್ ಮಾಡೋ ಹಾಗಿರಬೇಕು.

ನಿಯಮ ಇಷ್ಟೇ. a < b ಇದ್ದು, a ಇಂದ b ವರೆಗಿನ ಪ್ರತಿಯೊಂದು x ಗೂ

g(x) ≤ f(x) ≤ h(x)

ಆಗಿದ್ರೆ, ಮೂರನ್ನೂ a ಇಂದ b ವರೆಗೆ ಇಂಟಿಗ್ರೇಟ್ ಮಾಡಿದಾಗಲೂ ಅದೇ ಕ್ರಮ ಉಳಿಯತ್ತೆ. ಕಾರಣ ಕಷ್ಟ ಇಲ್ಲ, h − f ಎಲ್ಲೂ ನೆಗೆಟಿವ್ ಆಗಲ್ಲ ಅಂದ್ಮೇಲೆ ಅದರ ಕೆಳಗಿನ ಏರಿಯಾನೂ ನೆಗೆಟಿವ್ ಆಗಲ್ಲ, f − g ಗೂ ಅದೇ ಮಾತು. ಆದ್ರೆ "ಪ್ರತಿಯೊಂದು x ಗೂ" ಅನ್ನೋದನ್ನ ಹಗುರವಾಗಿ ತಗೋಬೇಡಿ, ಈ ವಿಷಯದಲ್ಲಿ ಆಗೋ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲೇ ಆಗೋದು.

ಉದಾಹರಣೆಗೆ ಒಂದೇ ಇಂಟಿಗ್ರಲ್ ಹಿಡ್ಕೊಂಡು ಕೊನೇತನಕ ಹೋಗೋಣ, ಒಂದೊಂದು ಹೆಜ್ಜೆಗೂ ಬೌಂಡ್ ಹೇಗೆ ಬಿಗಿಯಾಗತ್ತೆ ಅಂತ ಕಣ್ಣಾರೆ ಕಾಣ್ಲಿ:

I = ∫₀¹ e^(−x²) dx

ಇದಕ್ಕೆ ಸಾಧಾರಣ ಫಂಕ್ಷನ್‌ಗಳಲ್ಲಿ ಆಂಟಿಡಿರೈವೇಟಿವ್ ಇಲ್ಲ, ಇದು ಸಾಬೀತಾಗಿರೋ ವಿಷಯ. ಹಾಗಾಗಿ ಬಿಡಿಸೋ ಆಸೆ ಬಿಟ್ಟು ಕೆಲಸ ಶುರು ಮಾಡೋಣ.

ಮೊದಲ ಹೆಜ್ಜೆ: ಅತಿ ಚಿಕ್ಕ ಬೆಲೆ, ಅತಿ ದೊಡ್ಡ ಬೆಲೆ

ಯಾವ ಲೆಕ್ಕ ಬಂದ್ರೂ ಮೊದಲು ಇದನ್ನೇ ಮಾಡಿ. ಫಂಕ್ಷನ್ ಆ ಇಂಟರ್ವಲ್‌ನಲ್ಲಿ ಎಷ್ಟು ಕೆಳಗೆ ಹೋಗತ್ತೆ (m ಅನ್ನೋಣ), ಎಷ್ಟು ಮೇಲೆ ಹೋಗತ್ತೆ (M ಅನ್ನೋಣ) ಅಂತ ನೋಡಿದ್ರೆ ಇಂಟಿಗ್ರಲ್ m(b − a) ಮತ್ತು M(b − a) ಮಧ್ಯೆ ಇರಲೇಬೇಕು. ಇಲ್ಲಿ ಡಿರೈವೇಟಿವ್ −2x·e^(−x²), x ಸೊನ್ನೆಯಿಂದ ಒಂದರವರೆಗೆ ಹೋಗುವಾಗ ಇದು ಪಾಸಿಟಿವ್ ಆಗೋದೇ ಇಲ್ಲ, ಅಂದ್ರೆ ಫಂಕ್ಷನ್ ಇಳೀತಾನೇ ಹೋಗತ್ತೆ. x = 0 ಹತ್ರ ಬೆಲೆ 1, x = 1 ಹತ್ರ 1/e. ಇಂಟರ್ವಲ್‌ನ ಉದ್ದ 1. ಆದ್ದರಿಂದ

0.3678 ≤ I ≤ 1

ಸಿಕ್ಕಿದ್ದು ಒರಟು ಉತ್ತರ, ಆದ್ರೆ ಪೂರ್ತಿ ಸರಿ ಇರೋ ಉತ್ತರ. ಮುಂದೆ ಏನೇ ಮಾಡಿದ್ರೂ ಬೌಂಡ್ ಇದರ ಒಳಗೇ ಬರಬೇಕು. ಅಕಸ್ಮಾತ್ ಮುಂದಿನ ಹೆಜ್ಜೆಯಲ್ಲಿ ಮೇಲಿನ ಬೌಂಡ್ 0.35 ಅಂತ ಬಂದ್ರೆ ಎಲ್ಲೋ ಚಿಹ್ನೆ ತಿರುಗಿದೆ ಅಂತ ಅಲ್ಲೇ ಗೊತ್ತಾಗತ್ತೆ.

ಇಲ್ಲಿ ಒಂದು ಎಚ್ಚರಿಕೆ. m, M ಹುಡುಕುವಾಗ ಬರೀ ಎರಡು ತುದಿಯ ಬೆಲೆ ಹಾಕಿ ಮುಂದೆ ಹೋಗೋ ಅಭ್ಯಾಸ ತುಂಬ ಜನಕ್ಕಿದೆ. ಅದು ನಡೆಯೋದು ಫಂಕ್ಷನ್ ಏರ್ತಾನೇ ಇದ್ರೆ ಅಥವಾ ಇಳೀತಾನೇ ಇದ್ರೆ ಮಾತ್ರ. ಉದಾಹರಣೆಗೆ ∫₀¹ e^(x²−x) dx ತಗೊಳ್ಳಿ. x = 0 ಹಾಕಿದ್ರೂ 1, x = 1 ಹಾಕಿದ್ರೂ 1. ತುದಿ ನೋಡಿ ಬರೆದ್ರೆ ಇಂಟಿಗ್ರಲ್ 1 ಕ್ಕೂ 1 ಕ್ಕೂ ಮಧ್ಯೆ ಇದೆ ಅಂತಾಗತ್ತೆ, ಅಂದ್ರೆ ಸರಿಯಾಗಿ 1 ಅಂತ, ಅದು ಶುದ್ಧ ತಪ್ಪು. x² − x ನ ಡಿರೈವೇಟಿವ್ 2x − 1, ಅದು x = 1/2 ಹತ್ರ ಸೊನ್ನೆ ಆಗತ್ತೆ, ಅಲ್ಲಿ x² − x ನ ಬೆಲೆ −1/4. ಹಾಗಾಗಿ ಸರಿಯಾದ ಬೌಂಡ್ e^(−1/4) ಇಂದ 1 ರವರೆಗೆ, ಅಂದ್ರೆ ಸುಮಾರು 0.7788 ಇಂದ 1. ಡಿರೈವೇಟಿವ್ ಸೊನ್ನೆ ಆಗೋ ಜಾಗ ಇಂಟರ್ವಲ್ ಒಳಗಿದ್ಯಾ ಅಂತ ನೋಡದೇ m, M ಬರೀಬೇಡಿ.

ಎರಡನೇ ಹೆಜ್ಜೆ: ನಂಬರ್ ಬದಲು ಫಂಕ್ಷನ್ ಜೊತೆ ಹೋಲಿಸಿ

ಮೊದಲ ಹೆಜ್ಜೆಯಲ್ಲಿ ನಾವು f ಅನ್ನ ಎರಡು ಅಡ್ಡ ಗೆರೆಗಳ ಮಧ್ಯೆ ಕೂಡಿಹಾಕಿದ್ವಿ. ಆದ್ರೆ f ಇಳೀತಾ ಇದೆ, ಗೆರೆ ಮಾತ್ರ ನೇರ ಇದೆ, ಅದಕ್ಕೇ ಅಷ್ಟು ಜಾಗ ವೇಸ್ಟ್ ಆಗ್ತಿರೋದು. f ಜೊತೆಗೇ ಇಳಿಯೋ ಫಂಕ್ಷನ್‌ಗಳು ಬೇಕು ಈಗ.

ಅದನ್ನ ಹುಡುಕೋಕೆ ಒಂದು ಕ್ರಮ ಇದೆ. ಪೂರ್ತಿ ಎಕ್ಸ್‌ಪ್ರೆಶನ್ ಮೇಲೆ ಒಂದೇ ಸಲ ಕೈ ಹಾಕಬೇಡಿ, ಒಳಗಡೆ ತೊಂದರೆ ಕೊಡ್ತಿರೋ ತುಂಡು ಯಾವುದು ಅಂತ ಗುರುತಿಸಿ ಅದನ್ನ ಮಾತ್ರ ಹೋಲಿಸಿ, ಆಮೇಲೆ ಒಂದೊಂದೇ ಆಪರೇಷನ್ ಹಾಕ್ತಾ ಹೊರಗೆ ಬನ್ನಿ. ಇಲ್ಲಿ ತೊಂದರೆ x² ಇಂದ. e^(−x) ಇದ್ದಿದ್ರೆ ಕಣ್ಣು ಮುಚ್ಚಿ ಇಂಟಿಗ್ರೇಟ್ ಮಾಡಬಹುದಿತ್ತು. ಸರಿ, 0 ಮತ್ತು 1 ರ ಮಧ್ಯೆ

x² ≤ x

ಇದನ್ನ −1 ಇಂದ ಗುಣಿಸಿದ್ರೆ ಚಿಹ್ನೆ ತಿರುಗತ್ತೆ, −x² ≥ −x. ಈಗ ಎರಡೂ ಕಡೆ e ಮೇಲೆ ಹಾಕಿ, e ಯಾವಾಗಲೂ ಏರೋ ಫಂಕ್ಷನ್ ಆದ್ದರಿಂದ ಕ್ರಮ ಬದಲಾಗಲ್ಲ, e^(−x²) ≥ e^(−x). ಬಲಗಡೆಯದನ್ನ 0 ಇಂದ 1 ರವರೆಗೆ ಇಂಟಿಗ್ರೇಟ್ ಮಾಡಿದ್ರೆ 1 − 1/e, ಅಂದ್ರೆ 0.6321. ಕೆಳಗಿನ ಬೌಂಡ್ ಒಂದೇ ಏಟಿಗೆ 0.3678 ಇಂದ 0.6321 ಕ್ಕೆ ಬಂತು.

ಈ ಮೂರು ಸಾಲನ್ನ ಉತ್ತರ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬರೀರಿ ಅಂತ ನಾನು ಒತ್ತಿ ಹೇಳ್ತೀನಿ. ಮನಸ್ಸಲ್ಲೇ ಮಾಡಿ ಕೊನೆ ಸಾಲು ಮಾತ್ರ ಬರೆದ್ರೆ ಚಿಹ್ನೆ ಎಲ್ಲಿ ತಿರುಗ್ತು ಅಂತ ನಿಮಗೂ ಗೊತ್ತಾಗಲ್ಲ, ಮೌಲ್ಯಮಾಪನ ಮಾಡೋರಿಗೂ ಗೊತ್ತಾಗಲ್ಲ.

ಮೇಲಿನ ಬೌಂಡ್‌ಗೆ ಇನ್ನೊಂದು ಇನ್‌ಈಕ್ವಾಲಿಟಿ ಬೇಕು, ಇದು ಈ ಥರ ಲೆಕ್ಕಗಳಲ್ಲಿ ಪದೇ ಪದೇ ಬರೋದು: ಯಾವ t ಗೂ e^t ≥ 1 + t. ಕಾರಣ, 1 + t ಅನ್ನೋದು t = 0 ಹತ್ರ e^t ಗೆ ಎಳೆದ ಸ್ಪರ್ಶಕ, e^t ನ ಕರ್ವ್ ಯಾವಾಗಲೂ ಮೇಲಕ್ಕೆ ಬಾಗಿರೋದ್ರಿಂದ ಸ್ಪರ್ಶಕದ ಕೆಳಗೆ ಹೋಗೋದೇ ಇಲ್ಲ. t ಬದಲು x² ಹಾಕಿ: e^(x²) ≥ 1 + x². ಎರಡೂ ಕಡೆ ಪಾಸಿಟಿವ್, ಹಾಗಾಗಿ ತಲೆಕೆಳಗು ಮಾಡಬಹುದು, ಮಾಡಿದಾಗ ಚಿಹ್ನೆ ತಿರುಗತ್ತೆ:

e^(−x²) ≤ 1/(1 + x²)

ಬಲಗಡೆ ಇಂಟಿಗ್ರೇಟ್ ಮಾಡಿದ್ರೆ tan⁻¹ 1, ಅಂದ್ರೆ π/4. ಅದೇ ಇನ್‌ಈಕ್ವಾಲಿಟಿಯಲ್ಲಿ t ಬದಲು −x² ಹಾಕಿದ್ರೆ e^(−x²) ≥ 1 − x² ಸಿಗತ್ತೆ, ಅದರ ಇಂಟಿಗ್ರಲ್ 2/3, ಇದು ಈಗಷ್ಟೇ ಸಿಕ್ಕಿದ 0.6321 ಗಿಂತ ಚೆನ್ನಾಗಿದೆ. ಎರಡನ್ನೂ ಸೇರಿಸಿದ್ರೆ

2/3 ≤ I ≤ π/4, ಅಂದ್ರೆ 0.6666 ಇಂದ 0.7854 ರ ಮಧ್ಯೆ.

ಹೀಗೆ ಒಂದು ಬೌಂಡ್ ಬರೆದಾಗ ಅದು ಸರಿ ಇದ್ಯಾ ಅಂತ ಬೇಗ ನೋಡೋಕೆ ಇಂಟರ್ವಲ್‌ನ ನಡುವಿನ ಬೆಲೆ ಹಾಕಿ ನೋಡಿ. x = 1/2 ಹಾಕಿದ್ರೆ 1 − x² ನ ಬೆಲೆ 0.75, e^(−x²) ನ ಬೆಲೆ ಸುಮಾರು 0.779, 1/(1 + x²) ನ ಬೆಲೆ 0.8. ಕ್ರಮ ಸರಿಯಾಗಿದೆ. ಇದು ಪ್ರೂಫ್ ಅಲ್ಲ, ಆದ್ರೆ ಚಿಹ್ನೆ ತಿರುಗಿಸೋದು ಮರೆತಿದ್ರೆ ಹೆಚ್ಚಿನ ಸಲ ಇಲ್ಲೇ ಸಿಕ್ಕಿಬೀಳತ್ತೆ.

ಇನ್ನೊಂದು ವಿಷಯ: ಪ್ರಶ್ನೆಯಲ್ಲಿ ≤ ಬದಲು < ಕೇಳಿದ್ರೆ ಗಾಬರಿ ಬೇಡ. ಎರಡೂ ಫಂಕ್ಷನ್ ಕಂಟಿನ್ಯುಯಸ್ ಆಗಿದ್ದು, ಇಂಟರ್ವಲ್ ಒಳಗೆ ಒಂದೇ ಒಂದು ಜಾಗದಲ್ಲಾದ್ರೂ ಬೇರೆ ಬೇರೆ ಇದ್ರೆ ಸಾಕು, ಇಂಟಿಗ್ರಲ್‌ಗಳು ಖಂಡಿತ ಬೇರೆ ಆಗತ್ವೆ. ಅದೊಂದು ಸಾಲು ಬರೆದುಬಿಡಿ.

ಮೂರನೇ ಹೆಜ್ಜೆ: ಇನ್ನೂ ಬಿಗಿ ಮಾಡೋದು

0.6666 ಇಂದ 0.7854, ಅಂತರ ಸುಮಾರು 0.12. ಇದು ಸಾಲದು ಅಂದ್ರೆ ಎರಡು ದಾರಿ ಇದೆ.

ಒಂದು, ಇಂಟರ್ವಲ್ ಅನ್ನ ತುಂಡು ಮಾಡಿ ಪ್ರತಿ ತುಂಡಿಗೂ ಮೊದಲ ಹೆಜ್ಜೆಯ m, M ಹಾಕೋದು. 0 ಇಂದ 1/2, 1/2 ಇಂದ 1 ಅಂತ ಎರಡು ಭಾಗ ಮಾಡಿದ್ರೆ ಕೆಳಗಿನ ಬೌಂಡ್ ½(0.7788 + 0.3678), ಮೇಲಿನದು ½(1 + 0.7789), ಅಂದ್ರೆ 0.5733 ಇಂದ 0.8895. ಮೊದಲು ಅಂತರ 0.632 ಇತ್ತು, ಈಗ ಅದರ ಅರ್ಧ. ಇಳೀತಾನೇ ಹೋಗೋ ಫಂಕ್ಷನ್‌ಗೆ n ಸಮ ಭಾಗ ಮಾಡಿದಾಗ ಅಂತರ ಸರಿಯಾಗಿ (f(a) − f(b))(b − a)/n ಆಗತ್ತೆ, ನಡುವಿನ ಬೆಲೆಗಳೆಲ್ಲ ಕ್ಯಾನ್ಸಲ್ ಆಗಿಬಿಡತ್ವೆ. ಈ ದಾರಿ ಯಾವ ಫಂಕ್ಷನ್‌ಗೂ ನಡೆಯತ್ತೆ, ಆದ್ರೆ ನಿಧಾನ. ಅಂತರ 0.001 ಗೆ ಇಳಿಬೇಕು ಅಂದ್ರೆ 633 ಭಾಗ ಬೇಕು, ಅದು ಕೈಯಲ್ಲಿ ಮಾಡೋ ಕೆಲಸ ಅಲ್ಲ.

ಎರಡನೇ ದಾರಿ ನನಗೆ ತುಂಬಾ ಇಷ್ಟ, ಯಾಕಂದ್ರೆ ಹೋಲಿಕೆಯ ನಿಯಮವನ್ನೇ ಬಳಸಿ ಹೊಸ ಹೊಸ ಇನ್‌ಈಕ್ವಾಲಿಟಿ ಹುಟ್ಟಿಸೋ ಕ್ರಮ ಅದು. t ≥ 0 ಇದ್ದಾಗ e^(−t) ≤ 1 ಅನ್ನೋದು ಎಲ್ಲರಿಗೂ ಗೊತ್ತು. ಇದನ್ನ 0 ಇಂದ t ವರೆಗೆ ಇಂಟಿಗ್ರೇಟ್ ಮಾಡಿ. ಎಡಗಡೆ 1 − e^(−t), ಬಲಗಡೆ t. ಜಾಗ ಬದಲಾಯಿಸಿದ್ರೆ

e^(−t) ≥ 1 − t

ಇದನ್ನೇ ಮತ್ತೆ 0 ಇಂದ t ವರೆಗೆ ಇಂಟಿಗ್ರೇಟ್ ಮಾಡಿದ್ರೆ 1 − e^(−t) ≥ t − t²/2, ಅಂದ್ರೆ

e^(−t) ≤ 1 − t + t²/2

ಇನ್ನೊಂದು ಸಲ ಮಾಡಿ, e^(−t) ≥ 1 − t + t²/2 − t³/6. ಹೀಗೆ ಪ್ರತಿ ಸಲಾನೂ ಒಂದು ಪದ ಸೇರ್ಕೊಳ್ತಾ, ಒಂದ್ಸಲ ಮೇಲಿನದು ಒಂದ್ಸಲ ಕೆಳಗಿನದು ಅಂತ ಬರ್ತಾ ಹೋಗತ್ತೆ. ಟೇಲರ್ ಸೀರೀಸ್ ಪದಗಳೇ ಇವು, ಆದ್ರೆ ಬರೀ "ಸುಮಾರಾಗಿ ಸಮ" ಅಂತಲ್ಲ, ಯಾವ ಕಡೆ ಇದೆ ಅನ್ನೋ ಗ್ಯಾರಂಟಿ ಜೊತೆಗೆ ಸಿಕ್ಕಿವೆ. ಬೌಂಡ್ ಲೆಕ್ಕದಲ್ಲಿ ಆ ಗ್ಯಾರಂಟಿ ಇಲ್ಲದ ಸೀರೀಸ್ ಉಪಯೋಗಕ್ಕೆ ಬರಲ್ಲ.

ಈಗ t ಜಾಗಕ್ಕೆ x² ಹಾಕಿ 0 ಇಂದ 1 ರವರೆಗೆ ಇಂಟಿಗ್ರೇಟ್ ಮಾಡಿ, ಎಲ್ಲ ಪಾಲಿನಾಮಿಯಲ್, ಕಷ್ಟ ಏನಿಲ್ಲ:

ಮೇಲಿನದು: 1 − 1/3 + 1/10 = 23/30 = 0.76666…
ಕೆಳಗಿನದು: 1 − 1/3 + 1/10 − 1/42 = 26/35 = 0.742857…

ಅಂತರ ಆಗಲೇ 1/42 ಕ್ಕೆ ಬಂತು. ಇನ್ನೆರಡು ಪದ ಹಾಕಿ. ಮುಂದಿನದು +x⁸/24, ಇಂಟಿಗ್ರೇಟ್ ಮಾಡಿದ್ರೆ 1/216. ಅದರ ಮುಂದಿನದು −x¹⁰/120, ಇಂಟಿಗ್ರೇಟ್ ಮಾಡಿದ್ರೆ −1/1320. ಮೇಲಿನದು 0.747487 ಆಗತ್ತೆ, ಕೆಳಗಿನದು 0.746729 ಆಗತ್ತೆ.

0.7467 ≤ I ≤ 0.7475

ಅಂತರ 0.001 ಒಳಗೆ ಬಂತು, 633 ಭಾಗ ಮಾಡೋ ಬದಲು ಆರು ಪದದಲ್ಲಿ. ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದ್ರೆ ಬರೋ ಬೆಲೆ 0.746824…, ಇವೆರಡರ ಮಧ್ಯೆನೇ ಕೂತಿದೆ.

ರೌಂಡ್ ಮಾಡೋದರ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. ಕೆಳಗಿನ ಬೌಂಡನ್ನ ಯಾವಾಗಲೂ ಕೆಳಗೇ ಕತ್ತರಿಸಿ, ಮೇಲಿನ ಬೌಂಡನ್ನ ಯಾವಾಗಲೂ ಮೇಲಕ್ಕೇ ತಳ್ಳಿ. 0.747487 ಅನ್ನ ಮಾಮೂಲಿ ಕ್ರಮದಲ್ಲಿ ಮೂರು ದಶಮಾಂಶಕ್ಕೆ ರೌಂಡ್ ಮಾಡಿದ್ರೆ 0.747 ಆಗತ್ತೆ, I ಅದಕ್ಕಿಂತ ಚಿಕ್ಕದು ಅಂತ ನಾವು ಎಲ್ಲೂ ಸಾಧಿಸಿಲ್ಲ. ನಿಜವಾದ ಬೆಲೆ ನೋಡಿದ್ರೆ ಆ ಮಾತು ಸರಿಯೇ ಇರಬಹುದು, ಆದ್ರೆ ನಮ್ಮ ಪ್ರೂಫ್ ಅದನ್ನ ಹೇಳ್ತಿಲ್ಲ. ಮೇಲೆ ಎರಡು ಭಾಗ ಮಾಡಿದಾಗ e^(−1/4) ಅನ್ನ ಕೆಳಗಿನ ಬೌಂಡ್‌ನಲ್ಲಿ 0.7788 ಅಂತಲೂ ಮೇಲಿನದರಲ್ಲಿ 0.7789 ಅಂತಲೂ ಬರೆದಿದ್ದು ಇದೇ ಕಾರಣಕ್ಕೆ.

ಇಂಟರ್ವಲ್ ಬದಲಾದ್ರೆ ಎಲ್ಲ ಬದಲಾಗತ್ತೆ

ಇದೇ ಫಂಕ್ಷನ್, ಆದ್ರೆ 1 ಇಂದ 2 ರವರೆಗೆ. ಮೇಲೆ ಮಾಡಿದ್ದನ್ನೇ ಕಾಪಿ ಮಾಡಿದ್ರೆ ಏನಾಗತ್ತೆ ನೋಡಿ. 1 ಕ್ಕಿಂತ ಮೇಲೆ x² ≥ x, ಹಾಗಾಗಿ e^(−x) ಈಗ ಮೇಲಿನ ಬೌಂಡ್, ಕೆಳಗಿನದಲ್ಲ. ಘಾತ ಹೆಚ್ಚಾದ್ರೆ ಸೊನ್ನೆ ಮತ್ತು ಒಂದರ ಮಧ್ಯೆ ಸಂಖ್ಯೆ ಚಿಕ್ಕದಾಗತ್ತೆ, ಒಂದರ ಆಚೆ ದೊಡ್ಡದಾಗತ್ತೆ. ಪ್ರಶ್ನೆಯ ಇಂಟರ್ವಲ್ 0 ಇಂದ 2 ಅಂತ ಕೊಟ್ಟಿದ್ರೆ e^(−x) ಜೊತೆ ಹೋಲಿಸೋಕೆ x = 1 ಹತ್ರ ಒಡೆದು ಎರಡು ಇಂಟಿಗ್ರಲ್ ಮಾಡದೇ ಬೇರೆ ದಾರಿ ಇಲ್ಲ.

1 − x² ಅನ್ನೋ ಕೆಳಗಿನ ಬೌಂಡ್ ಇಲ್ಲೂ ಸುಳ್ಳಲ್ಲ, ಆದ್ರೆ 1 ಇಂದ 2 ರ ಮಧ್ಯೆ ಅದು ನೆಗೆಟಿವ್, ಪಾಸಿಟಿವ್ ಫಂಕ್ಷನ್ ಒಂದು ನೆಗೆಟಿವ್ ಫಂಕ್ಷನ್‌ಗಿಂತ ದೊಡ್ಡದು ಅಂತ ಹೇಳಿ ಏನು ಬಂತು. 1 − x² + x⁴/2 ಕೂಡ ಹಾಗೇ, x = 2 ಹತ್ರ ಅದರ ಬೆಲೆ 5, ಫಂಕ್ಷನ್‌ನ ಬೆಲೆ 0.02 ಗಿಂತ ಕಡಿಮೆ. ಪಾಲಿನಾಮಿಯಲ್‌ಗಳು ಸೊನ್ನೆಯಿಂದ ದೂರ ಹೋದಷ್ಟೂ ಕೈಕೊಡತ್ವೆ.

ಇಲ್ಲಿ ಉಪಯೋಗಕ್ಕೆ ಬರೋದು ಇನ್ನೊಂದು ಉಪಾಯ. x·e^(−x²) ಅನ್ನ ಇಂಟಿಗ್ರೇಟ್ ಮಾಡೋದು ಸುಲಭ, −½e^(−x²) ಬರತ್ತೆ. ನಮ್ಮ ಹತ್ರ ಆ x ಇಲ್ಲ, ಇರೋದು 1. ಆದ್ರೆ ಈ ಇಂಟರ್ವಲ್‌ನಲ್ಲಿ x/2 ≤ 1 ≤ x ಅಲ್ವಾ? e^(−x²) ಪಾಸಿಟಿವ್, ಅದರಿಂದ ಗುಣಿಸಿದ್ರೆ ಕ್ರಮ ಹಾಗೇ ಇರತ್ತೆ:

(x/2)·e^(−x²) ≤ e^(−x²) ≤ x·e^(−x²)

x·e^(−x²) ನ ಇಂಟಿಗ್ರಲ್ ½(e⁻¹ − e⁻⁴), ಸುಮಾರು 0.1748. ಹಾಗಾಗಿ ನಮಗೆ ಬೇಕಾದ ಇಂಟಿಗ್ರಲ್ 0.0873 ಮತ್ತು 0.1748 ಮಧ್ಯೆ ಇದೆ. ನಿಜವಾದ ಬೆಲೆ 0.1352 ಆಸುಪಾಸು. ಬಿಡಿಸೋಕೆ ಸುಲಭ ಆಗೋ ಹಾಗೆ ಒಂದು ಗುಣಕ ಕಮ್ಮಿ ಇದ್ರೆ, ಆ ಗುಣಕ ಈ ಇಂಟರ್ವಲ್‌ನಲ್ಲಿ ಯಾವ ಎರಡು ನಂಬರ್ ಮಧ್ಯೆ ಓಡಾಡತ್ತೆ ಅಂತ ನೋಡೋದು, ಇಷ್ಟೇ ಇದರ ಗುಟ್ಟು.

ಎರಡು ತುದಿ ಪ್ರಶ್ನೆಯಲ್ಲೇ ಕೊಟ್ಟಿದ್ರೆ

ಪರೀಕ್ಷೆಯಲ್ಲಿ ಹೆಚ್ಚಾಗಿ ಬೌಂಡ್ ನೀವು ಹುಡುಕಬೇಕಿಲ್ಲ, ಅವರೇ ಕೊಟ್ಟಿರ್ತಾರೆ, ನೀವು ಸಾಧಿಸಬೇಕು. ಇದು ಒಂದು ರೀತಿ ಸುಲಭ, ಯಾಕಂದ್ರೆ ಕೊಟ್ಟಿರೋ ನಂಬರೇ ಯಾವ ಫಂಕ್ಷನ್ ಜೊತೆ ಹೋಲಿಸಬೇಕು ಅಂತ ಹೇಳಿಬಿಡತ್ತೆ. ಹಳೇ ಕಾಲದಿಂದ ಓಡಾಡ್ತಿರೋ ಒಂದು ಲೆಕ್ಕ ನೋಡೋಣ:

π/6 ≤ ∫₀¹ dx/√(4 − x² − x³) ≤ π/(4√2)

m, M ಹಾಕಿದ್ರೆ ಏನು ಸಿಗತ್ತೆ? x = 0 ಹತ್ರ 1/2, x = 1 ಹತ್ರ 1/√2, ಅಂದ್ರೆ 0.5 ಇಂದ 0.7072. ಕೇಳಿರೋದು ಸುಮಾರು 0.5236 ಇಂದ 0.5554, ಹಾಗಾಗಿ ಇಷ್ಟು ಸಾಲಲ್ಲ.

ಈಗ π/6 ಅನ್ನ ಸ್ವಲ್ಪ ಹೊತ್ತು ನೋಡಿ. ಛೇದದಲ್ಲಿ ವರ್ಗಮೂಲ, ಉತ್ತರದಲ್ಲಿ π, ಅಂದ್ರೆ sin⁻¹ ಇಂದ ಬಂದಿದೆ. sin⁻¹(1/2) = π/6. ಮೇಲಿನ ಲಿಮಿಟ್ 1, ಅದನ್ನ ಯಾವುದರಿಂದ ಭಾಗಿಸಿದ್ರೆ 1/2? 2 ರಿಂದ. ಅಂದ್ರೆ 1/√(4 − x²) ಬೇಕು, x³ ಅನ್ನ ಕಿತ್ತುಹಾಕಬೇಕು. ಇನ್ನು π/(4√2). π/4 ಅಂದ್ರೆ sin⁻¹(1/√2), ಹೊರಗೆ ಒಂದು 1/√2 ಇದೆ. ಹೊರಗಿನ 1/√2 ಬರೋಕೆ ವರ್ಗಮೂಲದಿಂದ ಒಂದು 2 ಹೊರಗೆ ಬಂದಿರಬೇಕು, ಒಳಗೆ 2 − x² ಉಳಿದಿರಬೇಕು, ಎರಡನ್ನೂ ಸೇರಿಸಿದ್ರೆ 4 − 2x². ಅಂದ್ರೆ x³ ಜಾಗಕ್ಕೆ x² ಹಾಕಬೇಕು. ಯಾವ ತುಂಡು ಹೋಲಿಸಬೇಕು ಅಂತ ಗೊತ್ತಾಯ್ತು, ಇನ್ನು ಕೆಳಗಿನಿಂದ ಕಟ್ಟೋದು:

0 ≤ x³ ≤ x², 0 ಇಂದ 1 ರವರೆಗೆ.

4 − x² ಇಂದ ಮೂರನ್ನೂ ಕಳೀರಿ, ಕ್ರಮ ತಿರುಗತ್ತೆ: 4 − 2x² ≤ 4 − x² − x³ ≤ 4 − x². ಮೂರೂ ಪಾಸಿಟಿವ್ ಇದ್ಯಾ ನೋಡ್ಕೊಳ್ಳಿ, ಇದೆ, ಅತಿ ಚಿಕ್ಕದು 4 − 2x², ಅದು 2 ಕ್ಕಿಂತ ಕೆಳಗೆ ಹೋಗಲ್ಲ. ವರ್ಗಮೂಲ ತಗೊಂಡ್ರೆ ಕ್ರಮ ಬದಲಾಗಲ್ಲ. ತಲೆಕೆಳಗು ಮಾಡಿದ್ರೆ ಮತ್ತೆ ತಿರುಗತ್ತೆ:

1/√(4 − x²) ≤ 1/√(4 − x² − x³) ≤ 1/√(4 − 2x²)

ಇಂಟಿಗ್ರೇಟ್ ಮಾಡಿದ್ರೆ ಎಡಗಡೆ π/6, ಬಲಗಡೆ (1/√2)·sin⁻¹(1/√2) = π/(4√2). ಮುಗೀತು.

ಆ "ಪಾಸಿಟಿವ್ ಇದ್ಯಾ" ಅನ್ನೋ ಸಾಲು ಬಿಡಬೇಡಿ. −2 < 3 ಇಂದ −1/2 > 1/3 ಅಂತ ಬರಲ್ಲ, ತಲೆಕೆಳಗು ಮಾಡಿದಾಗ ಚಿಹ್ನೆ ತಿರುಗೋದು ಎರಡೂ ಒಂದೇ ಚಿಹ್ನೆಯವಾಗಿದ್ರೆ ಮಾತ್ರ. ವರ್ಗ ಮಾಡುವಾಗಲೂ ಇದೇ ಕಥೆ, −3 < 2 ಆದ್ರೆ 9 > 4.

22/7 ಮತ್ತು π

ಹೋಲಿಕೆಯ ಈ ವಿಧಾನದಿಂದ ಸಿಗೋ ಫಲಗಳಲ್ಲಿ ನನ್ನ ಪ್ರಕಾರ ಅತಿ ಸುಂದರವಾದದ್ದು ಇದು. 1944 ರಲ್ಲಿ ಡಿ. ಪಿ. ಡಾಲ್ಜೆಲ್ ಪ್ರಕಟಿಸಿದ್ದು, 1968 ರಲ್ಲಿ ಅಮೆರಿಕದ ಪಟ್ನಂ ಗಣಿತ ಸ್ಪರ್ಧೆಯಲ್ಲಿ ಇದರ ಮೊದಲ ಭಾಗವನ್ನ ಪ್ರಶ್ನೆಯಾಗಿ ಕೊಟ್ಟಿದ್ರು:

∫₀¹ x⁴(1 − x)⁴/(1 + x²) dx = 22/7 − π

ಮೇಲಿನದನ್ನ ಬಿಡಿಸಿ 1 + x² ಇಂದ ಭಾಗಿಸಿದ್ರೆ x⁶ − 4x⁵ + 5x⁴ − 4x² + 4 − 4/(1 + x²) ಬರತ್ತೆ, ಪದ ಪದವಾಗಿ ಇಂಟಿಗ್ರೇಟ್ ಮಾಡಿ ನೋಡ್ಕೊಳ್ಳಿ. ಒಳಗಿನ ಫಂಕ್ಷನ್ ನೆಗೆಟಿವ್ ಆಗೋದೇ ಇಲ್ಲ, ಎರಡು ತುದಿ ಬಿಟ್ರೆ ಬೇರೆಲ್ಲೂ ಸೊನ್ನೆಯೂ ಆಗಲ್ಲ, ಹಾಗಾಗಿ 22/7 > π ಅಂತ ಅಲ್ಲೇ ಸಾಬೀತಾಯ್ತು. ಆದ್ರೆ ಎಷ್ಟು ಹೆಚ್ಚು? ಅದಕ್ಕೆ ಬೌಂಡ್ ಬೇಕು, ಈ ಸಲ π ಗೊತ್ತಿಲ್ಲ ಅಂದ್ಕೊಂಡು ಮಾಡಬೇಕು.

ತೊಂದರೆ ಕೊಡೋ ತುಂಡು 1/(1 + x²). 0 ಇಂದ 1 ರ ಮಧ್ಯೆ ಅದು 1/2 ಇಂದ 1 ರ ಒಳಗೆ ಇರತ್ತೆ. ಉಳಿದ x⁴(1 − x)⁴ ಪಾಸಿಟಿವ್, ಬೈ ಪಾರ್ಟ್ಸ್ ನಾಲ್ಕು ಸಲ ಹಾಕಿದ್ರೆ ಅದರ ಇಂಟಿಗ್ರಲ್ 4!·4!/9! = 1/630. ಹಾಗಾಗಿ

1/1260 < 22/7 − π < 1/630

ಅಂದ್ರೆ π 3.1412 ಮತ್ತು 3.1421 ರ ಮಧ್ಯೆ ಇದೆ.

ಇದನ್ನ ಬಿಗಿ ಮಾಡಬೇಕು ಅಂದ್ರೆ 1/(1 + x²) ಗೆ ನಂಬರ್ ಬದಲು ಫಂಕ್ಷನ್ ಬೇಕು. x⁴(1 − x)⁴ ನ ಭಾರ ಎಲ್ಲ x = 1/2 ಸುತ್ತಮುತ್ತ ಇದೆ, ಹಾಗಾಗಿ ಅಲ್ಲಿ ಸ್ಪರ್ಶಕ ಎಳೆದ್ರೆ ಒಳ್ಳೇ ಬೌಂಡ್ ಸಿಗಬಹುದು ಅನ್ಸತ್ತೆ. ಆ ಸ್ಪರ್ಶಕ 1.12 − 0.64x. x = 0 ಹತ್ರ 1.12, ಫಂಕ್ಷನ್‌ನ ಬೆಲೆ 1, ಅಂದ್ರೆ ಸ್ಪರ್ಶಕ ಮೇಲಿದೆ. x = 1 ಹತ್ರ 0.48, ಫಂಕ್ಷನ್‌ನ ಬೆಲೆ 0.5, ಅಂದ್ರೆ ಕೆಳಗಿದೆ. ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ ಇರೋ ಗೆರೆ ಬೌಂಡ್ ಆಗಲ್ಲ, ಇದನ್ನ ಬಿಟ್ಟುಬಿಡಬೇಕು. ಸ್ಪರ್ಶಕ ಬೌಂಡ್ ಆಗತ್ತೆ ಅನ್ನೋ ಗ್ಯಾರಂಟಿ ಇರೋದು ಇಡೀ ಇಂಟರ್ವಲ್‌ನಲ್ಲಿ ಕರ್ವ್ ಒಂದೇ ಕಡೆ ಬಾಗಿದ್ರೆ ಮಾತ್ರ, 1/(1 + x²) ಮಾತ್ರ x = 1/√3 ಹತ್ರ ಬಾಗು ಬದಲಾಯಿಸತ್ತೆ.

ಅದರ ಬದಲು ಎರಡು ತುದಿ ಸೇರಿಸೋ ಗೆರೆ ನೋಡಿ, 1 − x/2. ಇದನ್ನ 1 + x² ಇಂದ ಗುಣಿಸಿ 1 ಕಳೆದ್ರೆ −x(1 − x)²/2 ಉಳಿಯತ್ತೆ, ಪಾಸಿಟಿವ್ ಆಗೋದೇ ಇಲ್ಲ. ಹಾಗಾಗಿ 1/(1 + x²) ≥ 1 − x/2, ಇಡೀ ಇಂಟರ್ವಲ್‌ನಲ್ಲಿ. ಮೇಲಿನದಕ್ಕೆ 1 − x²/2 ತಗೊಳ್ಳಿ, ಅದನ್ನ 1 + x² ಇಂದ ಗುಣಿಸಿ 1 ಕಳೆದ್ರೆ x²(1 − x²)/2, ನೆಗೆಟಿವ್ ಆಗಲ್ಲ, ಹಾಗಾಗಿ 1/(1 + x²) ≤ 1 − x²/2. ಅಂದಾಜಿಲ್ಲ, ಎರಡಕ್ಕೂ ಗುಣಿಸಿ ಕಳೆದು ಚಿಹ್ನೆ ನೋಡಿದ ಪ್ರೂಫ್ ಇದೆ.

ಈಗ ಎರಡನ್ನೂ x⁴(1 − x)⁴ ಇಂದ ಗುಣಿಸಿ ಇಂಟಿಗ್ರೇಟ್ ಮಾಡಿ. x⁴(1 − x)⁴ ಅನ್ನೋದು x = 1/2 ರ ಎರಡೂ ಕಡೆ ಒಂದೇ ಥರ ಇರೋದ್ರಿಂದ ಇನ್ನೊಂದು x ಇಂದ ಗುಣಿಸಿದ್ರೆ ಇಂಟಿಗ್ರಲ್ ಸರಿಯಾಗಿ ಅರ್ಧ ಆಗತ್ತೆ, 1/1260. ಕೆಳಗಿನ ಬೌಂಡ್ 1/630 − 1/2520 = 1/840. x⁶(1 − x)⁴ ನ ಇಂಟಿಗ್ರಲ್ 6!·4!/11! = 1/2310, ಹಾಗಾಗಿ ಮೇಲಿನ ಬೌಂಡ್ 1/630 − 1/4620.

1/840 < 22/7 − π < 1/630 − 1/4620

22/7 ಇಂದ ಕಳೆದು, ಕೆಳಗಿನದನ್ನ ಕೆಳಗೆ ಮೇಲಿನದನ್ನ ಮೇಲೆ ರೌಂಡ್ ಮಾಡಿದ್ರೆ 3.1414 < π < 3.1417.